‘ಪ್ರಶಂಸಿಸಲಾಗಿದೆ’ ಅಂದ್ರ, ಯಾರ್ರೀ ಪ್ರಶಂಸಿಸಿದ್ದು?

ನಮ್ಮನಿ ಪಡಸಾಲ್ಯಾಗ ಗೋಡೆ ಮ್ಯಾಲೆ ಒಂದು ಮಾನಪತ್ರ ಅದ. ನಮ್ಮನಿಯವರು ರಿಟೈರ್ ಆದಾಗ ಆಫೀಸಿನವರು ಕಟ್ಟು ಹಾಕಿಸಿ ಕೊಟ್ಟಿದ್ದು. ಸುತ್ತಲೂ ಬಂಗಾರದ ಬಣ್ಣದ ಬಳ್ಳಿ, ನಡಬರಕ ‘ನಿಷ್ಠೆ, ದಕ್ಷತೆ, ಪ್ರಾಮಾಣಿಕತೆ, ಕರ್ತವ್ಯಪ್ರಜ್ಞೆ’ ಅಂತ ಸಾಲಾಗಿ ಅವ. ಮನಿಗೆ ಬಂದವರು ನೋಡಿ ‘ಭಾಳ ಛಂದ ಬರದಾರಲ್ರೀ’ ಅಂತಾರ. ನಾನೂ ಹಂಗ ಅನ್ಕೊಂಡಿದ್ದೆ, ಒಂದು ವರ್ಷದ ತನಕ.

ಮರುವರ್ಷ ಅದ ಆಫೀಸಿನ ಇನ್ನೊಬ್ಬರು ರಿಟೈರ್ ಆದ್ರು. ಅವರ ಮನಿಗೆ ಹೋದಾಗ ಅಲ್ಲೂ ಗೋಡೆ ಮ್ಯಾಲೆ ಅದ ಬಳ್ಳಿ, ಅದ ಮಾನಪತ್ರ. ಒಂದಕ್ಷರಾನೂ ಬದಲಿ ಇಲ್ಲಾ, ಹೆಸರು ಒಂದು ಬಿಟ್ಟು. ಕಡೀಕ ‘ಧರ್ಮಪತ್ನಿ ಹಾಗೂ ಮಕ್ಕಳೊಂದಿಗೆ ತಮ್ಮ ನಿವೃತ್ತ ಜೀವನವು ಸುಖಮಯವಾಗಿರಲಿ’ ಅಂತ ಹಾರೈಸಿದ್ದೂ ಹಂಗ ಇತ್ತು. ಅವರು ಲಗ್ನಾನ ಆಗಿಲ್ರಿ! ಅವರ ತಂಗಿ ಚಹಾ ತಂದು ಕೊಟ್ಟು, ನಾ ಅದನ್ನ ಓದೂದು ನೋಡಿ ನಕ್ಕರು. ನಂಗೂ ನಗಿ ಬಂತು. ಆದ್ರ ಮನಿಗೆ ಬಂದು ನಮ್ಮನಿ ಕಟ್ಟು ನೋಡಿದಾಗ ನಗಿ ಬರಲಿಲ್ಲಾ. ಮೂವತ್ತನಾಲ್ಕು ವರ್ಷ ಡಬ್ಬಿ ಕಟ್ಟಿ ಕಳಿಸ್ಯೇನಿ ನಾನು. ಅಷ್ಟು ವರ್ಷದಾಗ ಅವರು ಅಲ್ಲಿ ಮಾಡಿದ ಒಂದು ಕೆಲಸಾನೂ ಆ ಕಾಗದದಾಗ ಇಲ್ಲಾ ಅನ್ನೋದು ನಂಗ ಆವತ್ತ ಹೊಳೀತು.

ಇದೆಲ್ಲಾ ಯಾಕ ನೆನಪಾತಂದ್ರ, ಹೋದ ಡಿಸೆಂಬರ್‌ದಾಗ ಎರಡನೇ ಶನಿವಾರ ಬ್ಯಾಂಕ್ ರಜಾ ಅಂತ ಮಗಳು ಬಂದಿದ್ಲು. ಆಕಿ ಒಂದು ಬ್ಯಾಂಕಿನ ಶಾಖೆ ಮ್ಯಾನೇಜರ್ ಇದ್ದಾಳ, ನಿಮಗ ಗೊತ್ತದ. ನಾ ಅಂಗಳದಾಗ ಹಸಿ ಕಡ್ಲಿ ಸುಲೀಕೋತ ಕೂತಿದ್ದೆ. ಆಕಿ ಬಾಜೂಕ ಕೂತು ಒಂದು ಕಾಗದ ಓದಿದ್ಲು. ಆಕಿ ಕೈಯಾಗ ಕೆಲಸಾ ಮಾಡೂ ಒಬ್ಬ ಬಾಯಾರಿಗೆ ಪ್ರಶಂಸಾ ಪತ್ರ ಕೊಡೂದದ, ಸೋಮವಾರ ಸಂಜೀಕ ಎಲ್ಲಾರ ಮುಂದ ಓದೂದು, ಒಂದು ಪ್ರತಿ ಅವರ ಫೈಲಿಗೆ ಹೋಗ್ತದ ಅಂದ್ಲು. ಕಾಗದ ಹಿಂಗಿತ್ತು:

‘ಸದರಿ ಶಾಖೆಯಲ್ಲಿ ಕಾರ್ಯನಿರ್ವಹಿಸುತ್ತಿರುವ ಶ್ರೀಮತಿ ______ ಇವರು ನವೆಂಬರ್ ಮಾಹೆಯಲ್ಲಿ ಪಿಂಚಣಿದಾರರ ಜೀವಿತ ಪ್ರಮಾಣಪತ್ರಗಳ ಸ್ವೀಕೃತಿ ಕಾರ್ಯವನ್ನು ಅತ್ಯಂತ ನಿಷ್ಠೆ, ದಕ್ಷತೆ ಹಾಗೂ ಪ್ರಾಮಾಣಿಕತೆಯಿಂದ ನಿರ್ವಹಿಸಿರುತ್ತಾರೆ. ಊಟದ ಸಮಯವನ್ನೂ ಲೆಕ್ಕಿಸದೆ ಗ್ರಾಹಕರಿಗೆ ಅತ್ಯುತ್ತಮ ಸೇವೆ ಒದಗಿಸಿರುವುದು ಶ್ಲಾಘನೀಯವಾಗಿರುತ್ತದೆ. ಇವರ ಸೇವೆಯನ್ನು ಈ ಮೂಲಕ ಪ್ರಶಂಸಿಸಲಾಗಿದೆ. ಮುಂದೆಯೂ ಇದೇ ರೀತಿ ಕರ್ತವ್ಯ ನಿರ್ವಹಿಸುವರೆಂದು ಆಶಿಸಲಾಗಿದೆ.’

‘ಹೆಂಗದ ಅವ್ವಾ?’ ಅಂದ್ಲು.

‘ಅವರು ಬದುಕ್ಯಾರೋ ಇಲ್ಲೋ?’ ಅಂದೆ. ಸಿಟ್ಟು ಬಂತು ಆಕಿಗೆ. ಆದ್ರ ನೀವ ಹೇಳ್ರಿ, ಶ್ರದ್ಧಾಂಜಲಿ ಓದಿದಂಗ ಕೇಳಸ್ತದೋ ಇಲ್ಲೋ?

‘ಆಫೀಸಿನ್ಯಾಗ ಹಿಂಗ ಬರೀಬೇಕಾಗ್ತದ, ಇಲ್ಲಂದ್ರ ಗೌರವ ಇರಂಗಿಲ್ಲಾ’ ಅಂದ್ಲು. ಇಲ್ಲೇ ನಂದು ತಕರಾರು. ಗೌರವ ‘ನೀವು’ ಅನ್ನೋದ್ರಾಗ ಇರ್ತದ, ‘ಸದರಿ’ ಅನ್ನೋದ್ರಾಗ ಅಲ್ಲಾ. ‘ಸದರಿ’ ಅಂತ ಹೊಲದ ಕಾಗದದಾಗ ಬರೀತಾರ, ಜಪ್ತಿ ಮಾಡಿದ ಗಾಡಿಗೆ ಬರೀತಾರ. ‘ನಿರ್ವಹಿಸಿರುತ್ತಾರೆ’ ಅನ್ನೋದನ್ನಾರ ನೋಡ್ರಿ. ಯಾರರ ಎದುರಿಗೆ ನಿಂತು ‘ನೀವು ಅಡಿಗಿ ಛೊಲೊ ಮಾಡಿರುತ್ತೀರಿ’ ಅಂತ ಅಂತೀವೇನು? ‘ಮಾಡೀರಿ’ ಅಂತೀವಿ. ಆ ‘ಇರುತ್ತಾರೆ’ ಹಚ್ಚಿದ ಕೂಡಲೇ ಹೇಳವರು ಹತ್ತು ಹೆಜ್ಜಿ ಹಿಂದ ಸರದಂಗ ಆಗ್ತದ.

ಎಲ್ಲಾಕ್ಕಿಂತ ಕೆಟ್ಟದ್ದು ‘ಪ್ರಶಂಸಿಸಲಾಗಿದೆ’. ಯಾರು ಪ್ರಶಂಸಿಸಿದ್ರು? ಬ್ಯಾಂಕೋ, ಸರ್ಕಾರೋ, ಗೋಡೆ ಮ್ಯಾಗಿನ ಗಡಿಯಾರೋ? ಅಲ್ಲಿ ಒಬ್ಬ ಮನಷ್ಯಾ ಇಲ್ಲಾ. ಕಡೀ ಸಾಲಿನ ‘ಆಶಿಸಲಾಗಿದೆ’ ಅಂತೂ ಹೊಗಳಿಕಿನ ಅಲ್ಲಾ, ಹುಕುಂ ಅದು. ಹೊಟ್ಟಿ ತುಂಬ ಉಣ್ಣಿಸಿ, ಕೈ ತೊಳಕೊಳ್ಳೂ ಹೊತ್ತಿಗೆ ‘ನಾಳಿ ನಮ್ಮನಿ ಹಪ್ಪಳಕ್ಕ ಬರ್ರಿ ಮತ್ತ’ ಅಂದಂಗ.

ಅದಕ್ಕ ನಾ ಕಾಗದ ಬದಿಗೆ ಇಡಸಿದೆ. ‘ಇದನ್ನ ಬಿಡು, ಆ ಬಾಯಾರು ಏನ ಮಾಡಿದ್ರು ಹೇಳು. ನೀ ಕಣ್ಣಲೇ ನೋಡಿದ್ದು ಹೇಳು’ ಅಂದೆ. ಆಕಿ ಕಡ್ಲಿಕಾಯಿ ಸುಲೀಕೋತ ಹೇಳಲಿಕ್ಕೆ ಹತ್ತಿದ್ಲು. ಆಹಾ, ಕಾಗದದಾಗಿನ ಮಗಳು ಬ್ಯಾರೆ, ಬಾಯಾಗಿನ ಮಗಳು ಬ್ಯಾರೆ.

ಪಿಂಚಣಿ ತೊಗೊಳ್ಳವರು ವರ್ಷಾ ನವೆಂಬರ್‌ದಾಗ ‘ನಾ ಇನ್ನೂ ಇದ್ದೇನಿ’ ಅಂತ ಜೀವಿತ ಪ್ರಮಾಣಪತ್ರ ಕೊಡಬೇಕು, ನಿಮ್ಮ ಮನ್ಯಾಗೂ ಹಿರೇರು ಇದ್ದದ್ದಕ್ಕ ಗೊತ್ತಿರ್ತದ. ಕೇಂದ್ರ ಸರ್ಕಾರದ ಪಿಂಚಣಿ ಇದ್ದು 80 ದಾಟಿದವರಿಗೆ ಅಕ್ಟೋಬರ್ 1ರಿಂದನ ಕೊಡಲಿಕ್ಕೆ ಬರ್ತದ. ಕೊಡಲಿಲ್ಲಂದ್ರ ಪಿಂಚಣಿ ನಿಂತು ಬಿಡ್ತದ, ಕೊಟ್ಟ ಮ್ಯಾಲೆ ಮತ್ತ ಶುರು. ಅದಕ್ಕ ಆ ತಿಂಗಳು ಬ್ಯಾಂಕಿನ್ಯಾಗ ಬರೇ ಕೋಲು, ಮಫ್ಲರ್, ಔಷಧದ ಚೀಲ. ಆಧಾರ್ ಹಚ್ಚಿ ಬೆರಳ ಗುರುತು ತೊಗೋತಾರ. ವಯಸ್ಸಾದವರ ಚರ್ಮ ಒಣಗಿರ್ತದ, ಕೆಲಸಾ ಮಾಡಿ ಮಾಡಿ ಬೆರಳಿನ ಗೆರಿ ಸವದಿರ್ತಾವ. ಯಂತ್ರ ಒಪ್ಪೂದಿಲ್ಲಾ. ‘ನಾ ಇದ್ದೇನೋ ಇಲ್ಲೋ ಅಂತ ಈ ಡಬ್ಬಿ ಹೇಳಬೇಕೇನು’ ಅಂತ ಒಬ್ಬ ಅಜ್ಜಾರು ಕಣ್ಣಾಗ ನೀರು ತಂದಿದ್ರಂತ.

ಈ ಬಾಯಾರು ಏನ ಮಾಡ್ತಿದ್ರಂದ್ರ, ಒಂದು ವಾಟಗದಾಗ ನೀರು, ಒಂದು ಸ್ವಚ್ಛ ಅರಿಬಿ ಇಟಗೊಂಡು ಕೂಡ್ತಿದ್ರು. ಬೆರಳು ಒದ್ದಿ ಅರಿಬೀಲೇ ಒರಸಿ ಮತ್ತ ಇಡಸೂದು. ಆಗಲಿಲ್ಲಂದ್ರ ಇನ್ನೊಂದು ಬೆರಳು, ಆ ಕೈ ಅಲ್ಲಂದ್ರ ಈ ಕೈ. ಅದೂ ಆಗಲಿಲ್ಲಂದ್ರ ಮೊಬೈಲ್‌ದಾಗ ಮುಖ ತೋರಿಸಿ ಮಾಡೂ ದಾರಿ ಅದ, ಅದನ್ನ ತಾವ ಮಾಡಿ ಕೊಡೂದು. ಯಾರ್ದು ಅವತ್ತ ಆಗಲಿಲ್ಲೋ ಅವರ ಹೆಸರು, ಫೋನ್ ನಂಬರ್ ಒಂದು ನೀಲಿ ವಹಿಯೊಳಗ ಬರಕೊಂಡು, ಮರುದಿನಾ ತಾವ ಫೋನ್ ಹಚ್ಚಿ ಕರೀತಿದ್ರು. ಒಮ್ಮೆ ಒಬ್ಬ ಅಜ್ಜಾರಿಗೆ ಮೆಟ್ಟಲ ಏರಲಿಕ್ಕೆ ಆಗಲಾರದ ಆಟೋದಾಗ ಕೂತಿದ್ರ, ಇವರು ಯಂತ್ರ ಹಿಡಕೊಂಡು ಆಟೋದ ತನಕ ಇಳದು ಹೋಗಿದ್ರಂತ.

‘ಇದರಾಗ ಒಂದಾರ ನಿನ್ನ ಕಾಗದದಾಗ ಅದ ಏನವಾ?’ ಅಂದೆ. ಸುಮ್ಮನಾದ್ಲು.

ಆಮ್ಯಾಲೆ ‘ನೀನ ಬರದು ತೋರಸು ಹಂಗಾರ’ ಅಂದ್ಲು. ನಾ ಪಿಯುಸಿ ಓದಿದಾಕಿ, ಆದ್ರ ಬರಿಯೋದಂದ್ರ ನಂಗೇನು ಅಂಜಿಕಿ ಇಲ್ಲಾ. ಕಡ್ಲಿ ಬದಿಗಿಟ್ಟು, ರೇಶನ್ ಯಾದಿ ಬರಿಯೋ ಪುಸ್ತಕದಾಗ ಬರದೆ. ನಂದು ಹಿಂಗಾತು:

‘ಪ್ರೀತಿಯ ಅಕ್ಕಾ, ನೀವು ನಮ್ಮ ಬ್ಯಾಂಕಿಗೆ ತಾಯಿ ಇದ್ದಂಗ. ಮನ್ಯಾಗ ಅತ್ತಿ ಹಾಸಿಗಿ ಹಿಡದಿದ್ರೂ, ಊಟಾ ಬಿಟ್ಟು ಮುದುಕರ ಸೇವಾ ಮಾಡಿದ್ರಿ. ನಿಮ್ಮಂಗ ಕೆಲಸಾ ಮಾಡವರು ಈ ಬ್ಯಾಂಕಿನ್ಯಾಗ ಇನ್ನೊಬ್ಬರಿಲ್ಲಾ. ನಿಮ್ಮ ಋಣಾ ತೀರಸಲಿಕ್ಕೆ ಆಗಂಗಿಲ್ಲಾ.’

ಬರೀಬೇಕಾದ್ರ ನಂಗ ಕಣ್ಣಾಗ ನೀರ ಬಂದಿದ್ವು, ಖರೇ ಹೇಳ್ತೀನಿ. ಮಗಳು ಓದಿ ತಲಿ ಮ್ಯಾಲೆ ಕೈ ಇಟಗೊಂಡ್ಲು. ಈಗ ಬೈಸಿಕೊಳ್ಳೋ ಪಾಳಿ ನಂದು.

‘ಅವರ ಅತ್ತಿಗೆ ಆರಾಮಿಲ್ಲಾ ಅಂತ ಅವರು ರಜಾ ಕೇಳಲಿಕ್ಕೆ ಬಂದಾಗ ನನಗೊಬ್ಬಾಕಿಗೆ ಹೇಳ್ಯಾರ, ಅವ್ವಾ. ನಾ ಅದನ್ನ ಎಲ್ಲಾರ ಮುಂದ ಓದಿದ್ರ, ಇನ್ನ ಮುಂದ ನನ್ನ ಮುಂದ ಬಾಯಿ ತಗೀತಾರೇನು? ಈ ಕಾಗದ ಫೈಲಿನ್ಯಾಗ ವರ್ಷಗಟ್ಟಲೆ ಇರ್ತದ. ಮುಂದ ಬರೂ ಮ್ಯಾನೇಜರ್ ಓದಿ, ಈ ಬಾಯಾರಿಗೆ ಮನ್ಯಾಗ ತ್ರಾಸ ಅದ ಅಂತ ತಿಳಕೊಂಡ್ರ?’ ಅಂದ್ಲು. ನಂಗ ಇದು ಹೊಳದೇ ಇರಲಿಲ್ಲಾ. ನಾವು ಹೆಣ್ಮಕ್ಕಳು ಯಾರನ್ನರ ಹೊಗಳಬೇಕಂದ್ರ ಮೊದಲ ಅವರ ಮನೀ ಕಷ್ಟ ಹೇಳ್ತೀವಿ, ‘ಪಾಪ, ಅಷ್ಟೆಲ್ಲಾ ಇದ್ರೂ ಮಾಡಿದ್ಲು’ ಅಂತ. ಓಣ್ಯಾಗ ಅದು ನಡೀತದ. ಆಫೀಸಿನ್ಯಾಗ ಅದು ಹೊಗಳಿಕಿ ಅಲ್ಲಾ, ಗುಟ್ಟು ಬಿಚ್ಚಿದಂಗ.

ಊಟದ ಮಾತಿಗೆ ಇಬ್ಬರಿಗೂ ಜಗಳ ಆತು. ನಾ ಬಿಡಲಿಲ್ಲಾ, ‘ನಿನ್ನ ಕಾಗದದಾಗೂ ಇತ್ತಲ್ಲಾ’ ಅಂದೆ. ಆಕಿ ಒಂದು ಗಳಿಗಿ ವಿಚಾರ ಮಾಡಿ, ‘ಇತ್ತು, ತಪ್ಪು ನಂದ. ಅದನ್ನ ಓದಿದ್ರ, ಊಟಾ ಬಿಟ್ಟವರಿಗೆ ಇಲ್ಲಿ ಮರ್ಯಾದಿ ಅಂತ ಉಳದವರು ತಿಳಕೋತಾರ. ಖರೇ ನೋಡಿದ್ರ ಅವರಿಗೆ ಊಟಕ್ಕ ಬಿಡಲಿಕ್ಕೆ ನಾ ಇನ್ನೊಬ್ಬರನ್ನ ಕೂಡಸಬೇಕಾಗಿತ್ತು’ ಅಂದ್ಲು. ಎರಡೂ ಕಾಗದದಿಂದ ಊಟಾ ತಗದು ಹಾಕಿದಿವಿ. ಆಕಿ ಡೈರಿಯೊಳಗ ಮುಂದಿನ ನವೆಂಬರ್‌ಗೆ ‘ಪಿಂಚಣಿ ಕೌಂಟರ್, ಇಬ್ಬರು’ ಅಂತ ಬರಕೊಂಡ್ಲು. ನಂಗ ಕೇಳಿದ್ರ ಇಡೀ ಪ್ರಶಂಸಾ ಪತ್ರಕ್ಕಿಂತ ಅದು ದೊಡ್ಡದು.

‘ಇನ್ನೊಬ್ಬರಿಲ್ಲಾ’ ಅನ್ನೋದೂ ಹೋತು. ಎದುರಿಗೆ ಆ ಇನ್ನೊಬ್ಬರು ಹತ್ತು ಮಂದಿ ಕುರ್ಚಿ ಮ್ಯಾಲೆ ಕೂತಿರ್ತಾರಲ್ರೀ. ಒಬ್ಬಾಕಿ ಸೊಸೀನ ಹೊಗಳೋ ಭರದಾಗ ಉಳದ ಸೊಸೆಂದ್ರ ಮಾರಿ ಬಾಡಸಿದಂಗ. ಹೊಗಳಿಸಿಕೊಂಡಾಕಿಗೇ ಮರುದಿನದಿಂದ ಅಡಿಗಿ ಮನ್ಯಾಗ ಕಷ್ಟ. ‘ತಾಯಿ ಇದ್ದಂಗ’ ಅನ್ನೋದಕ್ಕ ಮಗಳು ಹೇಳಿದ್ದು ನಂಗ ಭಾಳ ನಾಟ್ತು: ‘ತಾಯಿ ಅಂದ್ರ ಪಗಾರ ಕೇಳಬಾರದು, ರಜಾ ಕೇಳಬಾರದು ಅಂದಂಗ ಆಗ್ತದವ್ವಾ. ಅವರು ಕೆಲಸಾ ಬಲ್ಲವರು. ಯಂತ್ರಾ, ಮೊಬೈಲು, ವಹಿ ಎಲ್ಲಾ ತಲಿ ಓಡಿಸಿ ಮಾಡ್ಯಾರ. ಅದನ್ನ ಮಾಯೆ ಅಂತ ಯಾಕ ಅನಬೇಕು?’ ಹೌದು. ಗಂಡಸು ಇದ ಕೆಲಸಾ ಮಾಡಿದ್ರ ಅಂವನ್ನ ‘ತಂದಿ ಇದ್ದಂಗ’ ಅಂತ ನಾ ಬರೀತಿದ್ದಿಲ್ಲಾ, ‘ಹುಷಾರ ಮನಷ್ಯಾ’ ಅಂತಿದ್ದೆ.

ಅಂತೂ ಆಕೀದು ಬಿರಸು ಆಗಿತ್ತು, ನಂದು ಮೆತ್ತಗಾಗಿ ಹರದು ಹೋಗಿತ್ತು. ಎರಡಕ್ಕೂ ರೋಗ ಒಂದ ಅಂತ ನನಗ ಈಗ ಅನಸ್ತದ. ಆಕಿ ‘ನಿಷ್ಠೆ, ದಕ್ಷತೆ’ ಅಂದ್ಲು, ನಾ ‘ತಾಯಿ, ಋಣಾ’ ಅಂದೆ. ದೊಡ್ಡ ದೊಡ್ಡ ಶಬ್ದದ ಹಿಂದ ಆ ನೀರಿನ ವಾಟಗಾ, ನೀಲಿ ವಹಿ ಎರಡರಾಗೂ ಕಾಣವಲ್ವು.

ಮತ್ತ ಕೂತು ಮೂರನೇದ್ದು ಬರದಿವಿ. ಅದನ್ನ ನಮ್ಮ ಮಾತಿನ್ಯಾಗ ಬರಿಯೂಣು ಅಂದೆ ನಾನು. ಬ್ಯಾಡ ಅಂದ್ಲು. ಶಾಖೆಯೊಳಗ ಮೈಸೂರ ಕಡೆಯವರಿದ್ದಾರ, ಮಂಗಳೂರ ಕಡೆಯವರಿದ್ದಾರ, ಈ ಬಾಯಾರ ತವರುಮನಿನೂ ಆ ಕಡೇನ. ಓದಿದಾಗ ನಾಟಕ ಮಾಡಿದಂಗ ಆಗಬಾರದು ಅಂತ. ಅದಕ್ಕ ಸಾದಾ ಬರಹದ ಕನ್ನಡ ಇಟ್ಟಿವಿ, ಆದ್ರ ಬಾಯಿಲೇ ಹೇಳಲಿಕ್ಕೆ ಬರೂವಂಥಾದ್ದು. ಮೊದಲ ‘ಇವರು’ ತಗದು ‘ನೀವು’ ಮಾಡಿದಿವಿ. ಅದೊಂದು ಬದಲಿ ಮಾಡಿದ ಕೂಡಲೇ ‘ಸದರಿ’, ‘ಮಾಹೆ’, ‘ಇರುತ್ತಾರೆ’ ತಾವ ಓಡಿ ಹೋದ್ವು ನೋಡ್ರಿ. ‘ನೀವು’ ಅಂದ ಬಾಯಿಲೇ ‘ಸದರಿ’ ಅನ್ನಲಿಕ್ಕೆ ಬರಂಗಿಲ್ಲಾ. ಆಮ್ಯಾಲೆ ‘ಲಾಗಿದೆ’ ಇದ್ದಲ್ಲೆ ‘ನಾನು’ ತಂದಿವಿ. ಮಗಳಿಗೆ ಇದು ಭಾಳ ಸಂಕೋಚ, ‘ಮ್ಯಾನೇಜರ್ ನಾನು ನಾನು ಅಂದ್ರ ಸೊಕ್ಕು ಅನಸ್ತದ’ ಅಂತ. ನಾ ಹೇಳಿದೆ, ‘ನಾನು ಮಾಡಿದೆ ಅಂದ್ರ ಸೊಕ್ಕು. ನಾನು ನೋಡಿದೆ ಅಂದ್ರ ಸಾಕ್ಷಿ.’ ಒಪ್ಪಿದ್ಲು. ಪತ್ರ ಹಿಂಗಾತು:

‘ಶ್ರೀಮತಿ ______ ಅವರಿಗೆ, ನಮಸ್ಕಾರ.

ಈ ನವೆಂಬರ್ ತಿಂಗಳಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ನಮ್ಮ ಶಾಖೆಗೆ ಬಂದ ಹಿರಿಯರನ್ನು ನೀವು ನೋಡಿಕೊಂಡ ರೀತಿಗೆ ಧನ್ಯವಾದ ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಬೆರಳಿನ ಗುರುತು ಮೂಡದಿದ್ದಾಗ ನೀವು ಯಾರನ್ನೂ ಸುಮ್ಮನೆ ಹಿಂದೆ ಕಳಿಸಲಿಲ್ಲ. ಒದ್ದೆ ಬಟ್ಟೆಯಿಂದ ಬೆರಳು ಒರೆಸಿ ಮತ್ತೆ ಪ್ರಯತ್ನಿಸಿದಿರಿ, ಅದೂ ಆಗದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿ ಕೆಲಸ ಮುಗಿಸಿದಿರಿ. ಆ ದಿನ ಆಗದೇ ಹೋದವರ ಹೆಸರನ್ನು ನೀಲಿ ವಹಿಯಲ್ಲಿ ಬರೆದಿಟ್ಟುಕೊಂಡು, ಮರುದಿನ ನೀವೇ ಫೋನ್ ಮಾಡಿ ಕರೆದಿರಿ. ಒಬ್ಬ ಹಿರಿಯರಿಗೆ ಹತ್ತು ಮೆಟ್ಟಿಲು ಹತ್ತಲಾಗದಿದ್ದಾಗ ನೀವು ಯಂತ್ರ ಹಿಡಿದು ಆಟೋ ತನಕ ಹೋದದ್ದನ್ನು ನಾನು ನನ್ನ ಕೋಣೆಯ ಕಿಟಕಿಯಿಂದ ನೋಡಿದೆ.

ಆ ತಿಂಗಳು ಪಿಂಚಣಿಯ ಬಗ್ಗೆ ಒಂದು ದೂರೂ ನನ್ನ ಮೇಜಿಗೆ ಬರಲಿಲ್ಲ. ನಿಮ್ಮ ತಾಳ್ಮೆ ಮತ್ತು ಆ ವಹಿ ಅದಕ್ಕೆ ಕಾರಣ. ಮುಂದಿನ ವರ್ಷ ಎಲ್ಲರೂ ಇದೇ ಕ್ರಮದಲ್ಲಿ ಕೆಲಸ ಮಾಡೋಣ ಎಂದುಕೊಂಡಿದ್ದೇನೆ. ಕುರ್ಚಿ ಹಾಕಿ, ಕೈ ಹಿಡಿದು ಹಿರಿಯರನ್ನು ಒಳಗೆ ಕರೆತಂದ ನಮ್ಮ ಕಾವಲು ಸಿಬ್ಬಂದಿಗೂ ನಿಮ್ಮ ಜೊತೆಯಲ್ಲೇ ಧನ್ಯವಾದ ಹೇಳುತ್ತೇನೆ.

ನಿಮ್ಮೊಂದಿಗೆ ಕೆಲಸ ಮಾಡುವುದು ನನಗೆ ಸಂತೋಷ.’

ಇದರಾಗ ‘ತಾಳ್ಮೆ’ ಒಂದ ಗುಣದ ಶಬ್ದ ಉಳದದ, ಅದೂ ಕೆಲಸಾ ಹೇಳಿದ ಮ್ಯಾಲೆ. ಮೊದಲ ತಾಳ್ಮೆ ಅಂದಿದ್ರ ಅದು ಬರೇ ಮಾತು. ಒದ್ದಿ ಅರಿಬಿ ನೋಡಿದ ಮ್ಯಾಲೆ ಅಂದ್ರ ಕೇಳವರು ತಾವ ಹೌದಂತಾರ. ಅಳುಕೊಂಡ ಅಜ್ಜಾರ ಮಾತು ಹಾಕಲಿಲ್ಲಾ, ಅವರು ಅದ ಊರಾಗ ತಿರಗ್ಯಾಡವರು, ಅವರಿಗೂ ಮರ್ಯಾದಿ ಅದ. ‘ಆಶಿಸಲಾಗಿದೆ’ ಹೋಗಿ, ಮುಂದಿನ ವರ್ಷದ ಮಾತು ಎಲ್ಲಾರ ತಲಿ ಮ್ಯಾಲೆ ಬಂತು, ಬಾಯಾರ ತಲಿ ಮ್ಯಾಲಲ್ಲಾ.

ಕಡೀಕ ನಮ್ಮನಿ ಕಟ್ಟಿನ ಪರೀಕ್ಷಾನೂ ಮಾಡಿದೆ. ‘ಈ ಹೆಸರು ತಗದು ನಿನ್ನ ಕ್ಯಾಶಿಯರ್ ಹೆಸರು ಹಾಕಿ ಓದು’ ಅಂದೆ. ಓದಿದ್ಲು, ಕೂಡಲಿಲ್ಲಾ. ಹಳೇದ್ದಕ್ಕ ಹಾಕಿ ಓದಿದ್ಲು, ಲಗ್ನಾಗಲಾರದವರಿಗೆ ಧರ್ಮಪತ್ನಿ ಕೂಡಿದಂಗ ಸರಳ ಕೂತು ಬಿಡ್ತು. ಜೋರಾಗಿ ಎರಡು ಸಲ ಓದಿಸಿದೆ, ಎಲ್ಲೆ ಉಸಿರು ಸಿಗತದೋ ಅಲ್ಲೆ ಸಾಲು ಮುರದಿವಿ. ಒಳಗ ಪೇಪರ್ ಓದಲಿಕ್ಕೆ ಹತ್ತಿದ್ದ ನಮ್ಮನಿಯವರು ಪೇಪರ್ ಕೆಳಗ ಇಟ್ಟು ಕೇಳಿದ್ರು. ಏನೂ ಅನಲಿಲ್ಲಾ. ಚಹಾ ಕೇಳಿದ್ರು ಅಷ್ಟ.

ಹಂಗಂತ ಹಳೇ ಥರದ್ದು ಎಲ್ಲೂ ಬ್ಯಾಡ ಅಂತ ನಾ ಅನ್ನಂಗಿಲ್ಲಾ. ಬಡ್ತಿಗೆ ಮ್ಯಾಲಿನ ಆಫೀಸಿಗೆ ಕಳಿಸೋ ಶಿಫಾರಸಿನ್ಯಾಗ ಅವರದ್ದ ಒಂದು ನಮೂನೆ ಇರ್ತದಂತ, ಅಲ್ಲೆ ಅವರ ಶಬ್ದಾನ ಬರೀಬೇಕು. ಆದ್ರ ಮನಷ್ಯಾಗ ಮನಷ್ಯಾ ಎದುರಿಗೆ ನಿಂತು ಕೊಡೂ ಕಾಗದಕ್ಕ ಆ ಅಂಗಿ ಯಾಕ?

ಸೋಮವಾರ ರಾತ್ರಿ ಮಗಳು ಫೋನ್ ಮಾಡಿದ್ಲು. ಓದಿದ್ಲಂತ. ಕಾವಲು ಮನಷ್ಯಾ ತನ್ನ ಮಾತು ಬಂದಾಗ ಟೊಪಗಿ ತಗದು ಕೈಯಾಗ ಹಿಡಕೊಂಡ್ನಂತ. ಬಾಯಾರು ತಲಿ ಕೆಳಗ ಹಾಕಿ ಪೂರಾ ಕೇಳಿದ್ರಂತ. ಚಪ್ಪಾಳಿ ಎಲ್ಲಾ ಮುಗದ ಮ್ಯಾಲೆ ಕಾಗದ ಕೈಯಾಗ ತೊಗೊಂಡು, ಮತ್ತೊಮ್ಮೆ ತಮ್ಮಷ್ಟಕ್ಕ ಓದಿ, ಮೆಲ್ಲಕ ಅಂದ್ರಂತ, ‘ಮೇಡಂ, ಮೆಟ್ಟಿಲು ಹತ್ತಲ್ಲ, ಏಳು.’

ಮಗಳು ಅಲ್ಲೇ ಹೊಡದು ಏಳು ಅಂತ ತಿದ್ದಿ, ಬಾಜೂಕ ಸಹಿ ಮಾಡಿದ್ಲಂತ. ‘ಛೊಲೊ ಪ್ರಿಂಟ್ ತಗದು ಕೊಡ್ತೀನ್ರೀ’ ಅಂದ್ರ, ‘ಬೇಡ ಮೇಡಂ, ಇದೇ ಇರಲಿ’ ಅಂತ ಹೇಳಿ ಪರ್ಸಿನ್ಯಾಗ ಇಟಗೊಂಡ್ರಂತ. ಫೈಲಿಗೆ ಬ್ಯಾರೆ ಪ್ರಿಂಟ್ ಹಾಕ್ಯಾರ, ಏಳು ಮೆಟ್ಟಿಲದ್ದು.